ಮೇಡಂ, ಸ್ವಲ್ಪ ಜಾಸ್ತಿ ಮಾಡೋಕಾಗುತ್ತಾ?

“ಹಾಯ್ ಮೇಡಂ, ಆಫರ್ ಬಂತು, ತುಂಬಾ ಥ್ಯಾಂಕ್ಸ್. ಆದ್ರೆ ನಾನು ಸ್ವಲ್ಪ ಜಾಸ್ತಿ ಎಕ್ಸ್‌ಪೆಕ್ಟ್ ಮಾಡಿದ್ದೆ. ಇಪ್ಪತ್ತರ ಹತ್ತಿರ ಆದ್ರೆ ಚೆನ್ನಾಗಿರುತ್ತೆ. ಬೆಂಗಳೂರಲ್ಲಿ ಬಾಡಿಗೆ ಎಲ್ಲಾ ನಿಮಗೆ ಗೊತ್ತೇ ಇದೆ. ಇನ್ನೊಂದು ಕಂಪನಿ ಜೊತೆನೂ ಮಾತು ನಡೀತಿದೆ. ತಪ್ಪು ತಿಳ್ಕೋಬೇಡಿ ಮೇಡಂ. ಆಗಲ್ಲ ಅಂದ್ರೂ ಪರವಾಗಿಲ್ಲ, ನೀವೇ ನೋಡಿ ಏನಾದ್ರೂ ಮಾಡಿ.”

ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಹೊರಡುವ ಸಂದೇಶ ಇದು. ಕೊನೆಗೆ ಕೈಮುಗಿದ ಚಿತ್ರವೂ ಇರುತ್ತದೆ. ಒಬ್ಬರ ಸಂದೇಶವನ್ನೇ ಇಲ್ಲಿ ಎತ್ತಿ ಇಟ್ಟಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ಮೇಜಿನ ಮೇಲೆ ಇಂಥವು ದಿನವೂ ಬೀಳುತ್ತವೆ. ಅವೆಲ್ಲದರ ಗುಣ ಇರುವ ಒಂದನ್ನು ಕಟ್ಟಿದ್ದೇನೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರುತ್ತವೆ, ಆದರೆ ಒಳಗಿನ ದನಿ ಇದೇ. ಆ ಮೇಜಿನ ಆಚೆ ಬದಿಯಲ್ಲಿ ಕೂತು ನಾನು ಇವನ್ನು ಓದಿದ್ದೇನೆ. ಬರೆದವರು ಕೆಲಸದಲ್ಲಿ ಗಟ್ಟಿಗರು ಎಂದು ಗೊತ್ತಿದ್ದೂ ಅವರಿಗಾಗಿ ಏನೂ ಮಾಡಲಾಗದೆ ಕೂತದ್ದಿದೆ. ಹೀಗಾಗಿ ಈ ವಾರದ ಅಂಕಣ ಪೂರ್ತಿ ಈ ಒಂದು ಸಂದೇಶಕ್ಕೇ ಮೀಸಲು. ಇದನ್ನು ಬಿಚ್ಚಿ, ಮತ್ತೆ ಕಟ್ಟೋಣ.

ಇದನ್ನು ಓದಿದವರು ಮೊದಲು ದೂರುವುದು ಭಾಷೆಯನ್ನು. ಸಲುಗೆ ಜಾಸ್ತಿಯಾಯಿತು, ಅಂಗಲಾಚಿದಂತಿದೆ ಎನ್ನುತ್ತಾರೆ. ಅದು ನಿಜವೇ, ಆದರೆ ಅದು ಎರಡನೆಯ ಮಾತು. ಮೊದಲನೆಯದು ಬೇರೆ. ಈ ಸಂದೇಶ ಓದುವ ರಿಕ್ರೂಟರ್‌ಗೆ ಸಂಬಳ ಏರಿಸುವ ಅಧಿಕಾರವೇ ಇಲ್ಲ. ದೊಡ್ಡ ಕಂಪನಿಗಳಲ್ಲಿ ಆಫರ್ ಬದಲಾಗಬೇಕಾದರೆ ಅವರು ತಂಡದ ಮ್ಯಾನೇಜರ್‌ಗೂ, ವೇತನ ನೋಡಿಕೊಳ್ಳುವ ವಿಭಾಗಕ್ಕೂ ಬರೆದು ಅಪ್ರೂವಲ್ ತರಬೇಕು. ಬರೆಯುವಾಗ ಎಷ್ಟು, ಯಾಕೆ, ಕೊಟ್ಟರೆ ಅಭ್ಯರ್ಥಿ ಖಂಡಿತ ಬರುತ್ತಾರೆಯೇ ಎಂಬ ಮೂರಕ್ಕೆ ಉತ್ತರ ಬೇಕು. ಮೇಲಿನ ಸಂದೇಶದಲ್ಲಿ ಮೂರರಲ್ಲಿ ಒಂದಕ್ಕೂ ಉತ್ತರವಿಲ್ಲ. “ಇಪ್ಪತ್ತರ ಹತ್ತಿರ” ಎಂದರೆ ಹತ್ತೊಂಬತ್ತೋ ಇಪ್ಪತ್ತೋ ತಿಳಿಯದು. ಬಾಡಿಗೆಯ ಕಷ್ಟವನ್ನು ಅಪ್ರೂವಲ್ ಟಿಪ್ಪಣಿಯಲ್ಲಿ ಯಾರೂ ಬರೆಯಲಾರರು. ಇನ್ನೊಂದು ಕಂಪನಿಯ ಮಾತು ನಡೆದಿದೆ ಎಂದರೆ, ಇಲ್ಲಿ ಏರಿಸಿದ ಅಂಕಿಯನ್ನು ಅಲ್ಲಿ ತೋರಿಸುತ್ತಾರೇನೋ ಎಂಬ ಅನುಮಾನವೇ ಹುಟ್ಟುತ್ತದೆ. ಸಾಲದ್ದಕ್ಕೆ “ಆಗಲ್ಲ ಅಂದ್ರೂ ಪರವಾಗಿಲ್ಲ” ಎಂದು ಬರೆದವರೇ ಫೈಲು ಮುಚ್ಚಿಕೊಟ್ಟಿದ್ದಾರೆ.

ಆದ್ದರಿಂದ ಕೌಂಟರ್ ಆಫರ್ ಬರೆಯುವವರು ಕಣ್ಣ ಮುಂದೆ ಇಟ್ಟುಕೊಳ್ಳಬೇಕಾದ್ದು ರಿಕ್ರೂಟರ್ ಮೇಡಂ ಅವರನ್ನಲ್ಲ, ಅವರು ಯಾರಿಗೆ ಅದನ್ನು ಫಾರ್ವರ್ಡ್ ಮಾಡುತ್ತಾರೋ ಆ ಮುಖ ಕಾಣದ ಎರಡನೆಯ ಓದುಗರನ್ನು. ಒಂದಕ್ಷರ ಬದಲಿಸದೆ ಫಾರ್ವರ್ಡ್ ಮಾಡಬಹುದಾದರೆ ಆ ಮೇಲ್ ಚೆನ್ನಾಗಿದೆ ಎಂದರ್ಥ. ದನಿಯ ಗಟ್ಟಿತನ, ಭಾಷೆಯ ಅಚ್ಚುಕಟ್ಟು ಇವೆಲ್ಲ ಆ ಒಂದು ಅಗತ್ಯದಿಂದಲೇ ತಾನಾಗಿ ಬರುತ್ತವೆ.

ಬರೆಯುವುದಕ್ಕೆ ಮುಂಚೆ ಲೆಕ್ಕ. ನಮ್ಮ ಉದಾಹರಣೆಯ ಹುಡುಗಿ ಆರು ವರ್ಷದ ಅನುಭವವಿರುವ ಬ್ಯಾಕೆಂಡ್ ಎಂಜಿನಿಯರ್ ಎಂದಿಟ್ಟುಕೊಳ್ಳಿ. ಈಗಿನ ಸಿಟಿಸಿ ವರ್ಷಕ್ಕೆ 14.4 ಲಕ್ಷ, ಹೊಸ ಆಫರ್ 18 ಲಕ್ಷ. ಫೋನಿನಲ್ಲಿ “ಇಪ್ಪತ್ತೈದು ಪರ್ಸೆಂಟ್ ಹೈಕ್” ಎಂದು ಹೇಳಿದ್ದಾರೆ. ಸಿಟಿಸಿ ಲೆಕ್ಕದಲ್ಲಿ ಅದು ಸರಿ. ಆದರೆ ಸಿಟಿಸಿ ಎಂದರೆ ಕಂಪನಿಗೆ ಆಗುವ ಖರ್ಚು, ನಿಮ್ಮ ಕೈಗೆ ಬರುವ ಹಣವಲ್ಲ. ಆಫರ್ ಪತ್ರದ ಕೊನೆಯ ಪುಟದ ಕೋಷ್ಟಕ ತೆರೆದು ನೋಡಿದರೆ, ಆ 18 ಲಕ್ಷದಲ್ಲಿ 1.8 ಲಕ್ಷ ವೇರಿಯಬಲ್. ವರ್ಷದ ಕೊನೆಗೆ, ಕಂಪನಿಯ ಹಾಗೂ ನಿಮ್ಮ ಸಾಧನೆ ನೋಡಿ, ಪೂರ್ತಿಯೋ ಅರ್ಧವೋ ಬರುವ ಹಣ ಅದು. ಬೇಸಿಕ್ 8 ಲಕ್ಷ ಇದೆ. ಅದರ ಶೇ 12, ಅಂದರೆ 96,000 ರೂಪಾಯಿ, ಕಂಪನಿಯ ಪಾಲಿನ ಪಿಎಫ್. ಗ್ರಾಚುಯಿಟಿ ಎಂದು ಬೇಸಿಕ್‌ನ ಶೇ 4.81 ಸೇರಿಸಿದ್ದಾರೆ, ಅದು 38,480. ಕಾಯಂ ನೌಕರರಿಗೆ ಇದು ಕೈಗೆ ಸಿಗುವುದು ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿದ ಮೇಲೆ. ಆರೋಗ್ಯ ವಿಮೆಯ ಕಂತು 15,520. ಇವನ್ನೆಲ್ಲ ಕಳೆದರೆ ಉಳಿಯುವುದು 14.7 ಲಕ್ಷ, ತಿಂಗಳಿಗೆ 1,22,500 ರೂಪಾಯಿ ಗ್ರಾಸ್. ಅವಳ ಪಾಲಿನ ಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ ಇದರಲ್ಲೇ ಹೋಗಬೇಕು.

ಈಗಿನ ಕೆಲಸದಲ್ಲಿ ಅವಳ ತಿಂಗಳ ಗ್ರಾಸ್ 1,05,000. ಅಲ್ಲಿ ವೇರಿಯಬಲ್ ಎಂಬುದಿಲ್ಲ, ಮಾರ್ಚ್ ಕೊನೆಯಲ್ಲಿ 60,000 ವಾರ್ಷಿಕ ಬೋನಸ್ ಇದೆ. ಎರಡೂ ಕಡೆಯ ತಿಂಗಳ ಗ್ರಾಸ್ ಅನ್ನು ಅಕ್ಕಪಕ್ಕ ಇಟ್ಟರೆ ಏರಿಕೆ ಶೇ 25 ಅಲ್ಲ, 17ಕ್ಕೂ ಕೊಂಚ ಕಡಿಮೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಈ ವ್ಯತ್ಯಾಸ ಕಾಣದೆ “ಸ್ವಲ್ಪ ಜಾಸ್ತಿ” ಎಂದು ಕೇಳಿದರೆ, ಆ ಜಾಸ್ತಿಯೂ ವೇರಿಯಬಲ್‌ನ ರೂಪದಲ್ಲೇ ಬಂದು ಕೂರುತ್ತದೆ. ಸಿಟಿಸಿ 19 ಲಕ್ಷ ಎಂದು ಹೊಸ ಪತ್ರ ಬರುತ್ತದೆ, ತಿಂಗಳ ಸಂಬಳ ಇದ್ದಲ್ಲೇ ಇರುತ್ತದೆ. ಇದು ಎಷ್ಟು ಸಲ ಆಗುತ್ತದೆ ಎಂದರೆ, ಕೌಂಟರ್‌ನಲ್ಲಿ ಸಿಟಿಸಿ ಎಂಬ ಪದವನ್ನೇ ಮುಂದಿಡಬೇಡಿ ಎಂದು ನಾನು ಹೇಳುವುದುಂಟು. ಕೇಳಬೇಕಾದ್ದು ಫಿಕ್ಸೆಡ್. ಅವಳ ಆಫರ್‌ನಲ್ಲಿ ಫಿಕ್ಸೆಡ್ 16.2 ಲಕ್ಷ, ಅಂದರೆ 18ರಲ್ಲಿ ವೇರಿಯಬಲ್ ಕಳೆದದ್ದು. ಕೆಲವು ಕಂಪನಿಗಳು ಪಿಎಫ್, ಗ್ರಾಚುಯಿಟಿಯನ್ನು ಫಿಕ್ಸೆಡ್ ಒಳಗೆ ಎಣಿಸುತ್ತವೆ, ಕೆಲವು ಹೊರಗಿಡುತ್ತವೆ. ಆದ್ದರಿಂದ ಅಂಕಿ ಹೇಳುವ ಮುನ್ನ ಅವರ ಕೋಷ್ಟಕದಲ್ಲಿ ಆ ಸಾಲಿಗೆ ಏನು ಹೆಸರಿದೆಯೋ ಅದನ್ನೇ ಬಳಸಬೇಕು.

ಇನ್ನು ಎಷ್ಟು ಕೇಳುವುದು? ಅವಳು ಎರಡು ಅಂಕಿ ಬರೆದುಕೊಳ್ಳಬೇಕು. ಒಂದು, ಅದಕ್ಕಿಂತ ಕೆಳಗಾದರೆ ಈಗಿನ ಕೆಲಸವೇ ವಾಸಿ ಎನ್ನುವ ತಳದ ಅಂಕಿ. ಅದು ಅವಳ ಮನಸ್ಸಿನಲ್ಲೇ ಇರಲಿ. ನಮ್ಮ ಉದಾಹರಣೆಯಲ್ಲಿ ಫಿಕ್ಸೆಡ್ 17 ಲಕ್ಷ ಎಂದುಕೊಳ್ಳೋಣ. ಇನ್ನೊಂದು, ಮೇಲ್‌ನಲ್ಲಿ ಹೋಗುವುದು: 17.8 ಲಕ್ಷ. ಇದೇ ಹುದ್ದೆಗೆ ಇದೇ ಊರಿನಲ್ಲಿ ಬೇರೆ ಕಂಪನಿಗಳು ಕೊಡುತ್ತಿರುವ ಸಂಬಳವನ್ನು ಸ್ನೇಹಿತರಿಂದ, ಹಳೆಯ ಸಹೋದ್ಯೋಗಿಗಳಿಂದ ಕೇಳಿ ತಿಳಿದ ಮೇಲೆ ಹುಟ್ಟುವ ಅಂಕಿ ಅದು. ಗುಂಡಗಿನ 18ರ ಬದಲು 17.8 ಎಂದದ್ದಕ್ಕೂ ಕಾರಣವಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಲಿಯಾ ಮೇಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಂಡಗಿನ ಅಂಕಿಗಿಂತ ನಿಖರ ಅಂಕಿ ಮುಂದಿಟ್ಟಾಗ ಎದುರಿನವರ ಮರುಮಾತು ಅದರ ಹೆಚ್ಚು ಹತ್ತಿರ ಬರುತ್ತದೆ. ಹೇಳಿದವರು ಲೆಕ್ಕ ಹಾಕಿಯೇ ಬಂದಿದ್ದಾರೆ ಎಂದು ಕೇಳಿದವರು ಭಾವಿಸುತ್ತಾರೆ. ಆದರೆ ಆ ಲೆಕ್ಕ ನಿಜವಾಗಿಯೂ ಇರಬೇಕು. ಹೇಗೆ ಬಂತು ಎಂದು ಕೇಳಿದಾಗ ತಡವರಿಸಿದರೆ ನಿಖರತೆಯೇ ಮುಳುವಾಗುತ್ತದೆ.

ಕಾರಣ ಹೇಳುವಲ್ಲಿ ಜಾಗ್ರತೆ ಬೇಕು. ಮನೆ ಸಾಲದ ಇಎಂಐ, ತಂಗಿಯ ಮದುವೆ, ಬಾಡಿಗೆ, ಇವೆಲ್ಲ ನಿಜವಾದ ಭಾರಗಳು. ನಮ್ಮಲ್ಲಿ ಕಷ್ಟ ಹೇಳಿಕೊಂಡರೆ ದೊಡ್ಡವರು ದಾರಿ ಮಾಡಿಕೊಡುತ್ತಾರೆ ಎಂಬ ನಂಬಿಕೆಯಿಂದ ಅವು ಸಂದೇಶಕ್ಕೆ ಬರುತ್ತವೆ. ಓದುವ ರಿಕ್ರೂಟರ್‌ಗೆ ಕನಿಕರವೂ ಆಗಬಹುದು. ಆದರೆ ಕಂಪನಿ ಬೆಲೆ ಕಟ್ಟುವುದು ಹುದ್ದೆಗೆ. ಹುದ್ದೆಗೆ ಸಂಬಂಧಿಸಿದ ಕಾರಣ ಮಾತ್ರ ಟಿಪ್ಪಣಿಯಲ್ಲಿ ನಿಲ್ಲುತ್ತದೆ: ಸಂದರ್ಶನದಲ್ಲಿ ಹೇಳಿದ ಹೊಣೆ ಪತ್ರದಲ್ಲಿರುವ ಗ್ರೇಡ್‌ಗಿಂತ ದೊಡ್ಡದು, ಆ ಹೊಣೆಯನ್ನು ನಾನು ಈಗಾಗಲೇ ಹೊತ್ತಿದ್ದೇನೆ, ಬಿಟ್ಟು ಬರುವುದರಿಂದ ಇಂತಿಷ್ಟು ಕಳೆದುಕೊಳ್ಳುತ್ತೇನೆ. ಈ ಮೂರನೆಯದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಮಾರ್ಚ್‌ಗೆ ಮುಂಚೆ ಬಿಟ್ಟರೆ ಅವಳ 60,000 ಬೋನಸ್ ಹೋಯಿತು. ಅದನ್ನು ಫಿಕ್ಸೆಡ್‌ನಲ್ಲಿ ಕೇಳಿದರೆ ಪ್ರತಿ ವರ್ಷದ ಖರ್ಚು, ಕಂಪನಿ ಹಿಂದೇಟು ಹಾಕುತ್ತದೆ. ಜಾಯ್ನಿಂಗ್ ಬೋನಸ್ ಆಗಿ ಕೇಳಿದರೆ ಒಂದೇ ಸಲದ ಖರ್ಚು, ಸಂಬಳದ ಬ್ಯಾಂಡ್ ಮುರಿಯುವುದಿಲ್ಲ. ಫಿಕ್ಸೆಡ್ ವಿಷಯದಲ್ಲಿ ಕೈಕಟ್ಟಿ ಕೂತ ಕಂಪನಿಗಳೂ ಈ ಬಾಗಿಲನ್ನು ತೆರೆಯುವುದನ್ನು ಕಂಡಿದ್ದೇನೆ.

ಈಗ ನನ್ನ ಮಟ್ಟಿಗೆ ಇಡೀ ಮೇಲ್‌ನ ಜೀವ ಇರುವ ಜಾಗಕ್ಕೆ ಬರುತ್ತೇನೆ. ನಮ್ಮ ಐಟಿ ನೇಮಕಾತಿಯಲ್ಲಿ ಎಲ್ಲರ ನಿದ್ದೆಗೆಡಿಸುವ ಸಂಗತಿ ಸಂಬಳವಲ್ಲ, ಆಫರ್ ಒಪ್ಪಿಕೊಂಡ ಅಭ್ಯರ್ಥಿ ಕೊನೆಗೆ ಬರದೇ ಹೋಗುವುದು. ನೋಟಿಸ್ ಅವಧಿ ಅರವತ್ತು ದಿನ, ತೊಂಬತ್ತು ದಿನ. ಅಷ್ಟು ದಿನದಲ್ಲಿ ಸಹಿ ಮಾಡಿದ ಪತ್ರ ಹಿಡಿದು ಇನ್ನೆರಡು ಕಂಪನಿಗಳಿಗೆ ಹೋಗಿ ಬೆಲೆ ಏರಿಸಿಕೊಳ್ಳುವವರಿದ್ದಾರೆ. ಸೇರುವ ದಿನ ಫೋನೇ ಎತ್ತುವುದಿಲ್ಲ. ತಂಡದ ಮ್ಯಾನೇಜರ್‌ಗೆ ಮೂರು ತಿಂಗಳು ಕಾದದ್ದು ದಂಡ, ರಿಕ್ರೂಟರ್‌ಗೆ ಮೊದಲಿಂದ ಹುಡುಕಾಟ. ಕನ್ಸಲ್ಟೆನ್ಸಿಯ ಮೂಲಕ ಬಂದಿದ್ದರಂತೂ, ಅವರಿಗೆ ಶುಲ್ಕ ಸಿಗುವುದೇ ಅಭ್ಯರ್ಥಿ ಸೇರಿದ ಮೇಲೆ. ಸಾಮಾನ್ಯವಾಗಿ ಚಾಲ್ತಿಯಲ್ಲಿರುವ ದರ ವರ್ಷದ ಸಿಟಿಸಿಯ ಶೇ 8.33, ಅಂದರೆ ಒಂದು ತಿಂಗಳಿನಷ್ಟು. ನಿಮಗೆ ಲಕ್ಷ ರೂಪಾಯಿ ಜಾಸ್ತಿ ಕೊಡಿಸಿದರೆ ಅವರಿಗೆ ಹೆಚ್ಚುವುದು ಎಂಟು ಸಾವಿರ ಚಿಲ್ಲರೆ; ನೀವು ಬರದಿದ್ದರೆ ಹೋಗುವುದು ಪೂರ್ತಿ ಒಂದೂವರೆ ಲಕ್ಷ. ಅವರು ನಿಮ್ಮನ್ನು “ಈಗಲೇ ಒಪ್ಪಿಕೊಂಡುಬಿಡಿ” ಎಂದು ಅವಸರಿಸುವುದು ಯಾಕೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಅಭ್ಯರ್ಥಿಯ ಕೈಯಲ್ಲಿ ಇರುವ ಬೆಲೆಬಾಳುವ ವಸ್ತು ಇನ್ನೊಂದು ಆಫರ್ ಅಲ್ಲ, “ಇದಾದರೆ ಖಂಡಿತ ಬರುತ್ತೇನೆ, ಇಂಥ ದಿನ ಬರುತ್ತೇನೆ” ಎಂಬ ಮಾತು. ಅದನ್ನು ಪುಕ್ಕಟೆಯಾಗಿ ಕೊಡಬಾರದು, ಕೇಳಿದ್ದಕ್ಕೆ ಜೋಡಿಸಿ ಕೊಡಬೇಕು. ಇನ್ನೊಂದು ಕಂಪನಿಯ ಹೆಸರು ಹೇಳಿ ಹೆದರಿಸುವುದಕ್ಕಿಂತ ಇದು ನೂರು ಪಾಲು ಬಲವಾದದ್ದು. ಅಂದಹಾಗೆ, ಇಲ್ಲದ ಆಫರ್ ಇದೆ ಎನ್ನಬೇಡಿ. ಪತ್ರದ ಪ್ರತಿ ಕಳಿಸಿ ಎಂದು ಇಲ್ಲಿ ನೇರವಾಗಿಯೇ ಕೇಳುತ್ತಾರೆ. ಈಗಿನ ಸಂಬಳವನ್ನೂ ಹಿಗ್ಗಿಸಬೇಡಿ. ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಎಲ್ಲವನ್ನೂ ಹಿನ್ನೆಲೆ ಪರಿಶೀಲನೆಯವರು ನೋಡಬಹುದು, ಸುಳ್ಳು ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗುತ್ತದೆ.

ಇಷ್ಟು ಸಿದ್ಧವಾದ ಮೇಲೆ ಆ ರಾತ್ರಿಯ ಸಂದೇಶ ಹೀಗೆ ರೂಪ ಬದಲಿಸುತ್ತದೆ. ವಾಟ್ಸಾಪ್‌ನಲ್ಲಿ ಒಂದೇ ಸಾಲು: “ಮೇಡಂ, ಆಫರ್ ಓದಿದೆ, ಧನ್ಯವಾದ. ನನ್ನ ಉತ್ತರವನ್ನು ನಾಳೆ ಬೆಳಿಗ್ಗೆ ಮೇಲ್ ಮಾಡುತ್ತೇನೆ.” ಮರುದಿನ ಮೇಲ್:

“ನಮಸ್ಕಾರ,

ಮಂಗಳವಾರ ಕಳಿಸಿದ ಆಫರ್‌ಗಾಗಿ ಧನ್ಯವಾದ. ಪೇಮೆಂಟ್ಸ್ ತಂಡದ ಕೆಲಸ ನನಗೆ ಹಿಡಿಸಿದೆ, ಸೇರುವ ಮನಸ್ಸಿದೆ.

ಆಫರ್‌ನಲ್ಲಿ ಎರಡು ಬದಲಾವಣೆ ಕೋರುತ್ತೇನೆ. ಫಿಕ್ಸೆಡ್ ವೇತನ ವರ್ಷಕ್ಕೆ 16.2 ಲಕ್ಷದ ಬದಲು 17.8 ಲಕ್ಷ ಇರಲಿ, ವೇರಿಯಬಲ್ ಈಗಿರುವ 1.8 ಲಕ್ಷದಲ್ಲೇ ಮುಂದುವರಿಯಲಿ. ಮಾರ್ಚ್‌ಗೆ ಮುನ್ನ ಬಿಟ್ಟು ಬರುವುದರಿಂದ ನನಗೆ ತಪ್ಪಿಹೋಗುವ ವಾರ್ಷಿಕ ಬೋನಸ್‌ಗೆ ಪ್ರತಿಯಾಗಿ 60,000 ರೂಪಾಯಿ ಜಾಯ್ನಿಂಗ್ ಬೋನಸ್ ಇರಲಿ.

ಕೊನೆಯ ಸುತ್ತಿನಲ್ಲಿ ಮಾತಾಡಿದಂತೆ ಈ ಹುದ್ದೆಯಲ್ಲಿ ಸೆಟಲ್‌ಮೆಂಟ್ ವ್ಯವಸ್ಥೆಯ ಆನ್-ಕಾಲ್ ಹೊಣೆ ಮತ್ತು ಇಬ್ಬರು ಕಿರಿಯ ಎಂಜಿನಿಯರ್‌ಗಳ ಮಾರ್ಗದರ್ಶನ ಸೇರಿದೆ. ಕಳೆದ ಎರಡು ವರ್ಷದಿಂದ ನಾನು ಇದೇ ಹೊಣೆ ನಿರ್ವಹಿಸುತ್ತಿದ್ದೇನೆ, ಹಾಗಾಗಿ ಮೊದಲ ತಿಂಗಳಿಂದಲೇ ತಂಡಕ್ಕೆ ಹೆಗಲು ಕೊಡಬಲ್ಲೆ. ಈಗಿನ ಆಫರ್‌ನಲ್ಲಿ ಸಿಟಿಸಿ ಶೇ 25 ಏರಿದರೂ ನನ್ನ ತಿಂಗಳ ಗ್ರಾಸ್ ಏರುವುದು ಸುಮಾರು ಶೇ 17.

ಇವೆರಡೂ ಆದಲ್ಲಿ, ಪರಿಷ್ಕೃತ ಪತ್ರ ಬಂದ ದಿನವೇ ಸಹಿ ಮಾಡಿ ರಾಜೀನಾಮೆ ಸಲ್ಲಿಸುತ್ತೇನೆ, ಬೇರೆಡೆಯ ಮಾತುಕತೆಗಳನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ನನ್ನ ನೋಟಿಸ್ 60 ದಿನ. ಫೆಬ್ರವರಿ 16ರಂದು ಸೇರಬಲ್ಲೆ.

ಗುರುವಾರ ಅಥವಾ ಶುಕ್ರವಾರ ಹತ್ತು ನಿಮಿಷ ಮಾತಾಡಲು ನಿಮಗೆ ಅನುಕೂಲವಾಗುತ್ತದೆಯೇ?”

ಇದರಲ್ಲಿ ಎಲ್ಲೂ ಒರಟುತನವಿಲ್ಲ. ಕ್ಷಮೆಯೂ ಇಲ್ಲ. “ನೀವೇ ನೋಡಿ ಮಾಡಿ” ಎಂಬುದು ನಮ್ಮ ಮನೆಗಳಲ್ಲಿ ವಿನಯ, ಆದರೆ ಇಲ್ಲಿ ಅದು ಅಂಕಿಯನ್ನು ಎದುರಿನವರ ಕೈಗೆ ಕೊಟ್ಟಂತಾಗುತ್ತದೆ. ಗೌರವ ಬೇರೆ ಕಡೆಯಿಂದ ಬಂದಿದೆ: ಓದುವವರ ಸಮಯ ಉಳಿದಿದೆ, ಅವರು ಮೇಲಿನವರಿಗೆ ಬರೆಯಬೇಕಾದ್ದೆಲ್ಲ ಸಿದ್ಧವಾಗಿ ಸಿಕ್ಕಿದೆ. “ತಂಡಕ್ಕೆ ಹೆಗಲು ಕೊಡಬಲ್ಲೆ” ಎಂಬ ಸಾಲನ್ನು ಬೇಕೆಂದೇ ಇಟ್ಟದ್ದು. ಹಾರ್ವರ್ಡ್‌ನ ಹನ್ನಾ ರೈಲಿ ಬೌಲ್ಸ್, ಕಾರ್ನೆಗಿ ಮೆಲನ್‌ನ ಲಿಂಡಾ ಬ್ಯಾಬ್‌ಕಾಕ್ ಮೊದಲಾದವರ ಪ್ರಯೋಗಗಳಲ್ಲಿ, ಸಂಬಳಕ್ಕಾಗಿ ಚೌಕಾಸಿ ಮಾಡಿದ ಹೆಣ್ಣುಮಕ್ಕಳ ಬಗ್ಗೆ ಜನ ಗಂಡಸರಿಗಿಂತ ಹೆಚ್ಚು ಅಸಮಾಧಾನ ತೋರಿದ್ದು ಕಂಡುಬಂತು. ಕೇಳಿಕೆಯನ್ನು ಸಂಸ್ಥೆಯ ಹಿತಕ್ಕೆ ಜೋಡಿಸಿ ವಿವರಿಸಿದಾಗ ಆ ದಂಡ ತಗ್ಗಿತು. ಹೀಗೆ ಬರೆಯಬೇಕಾಗಿ ಬರುವುದೇ ಅನ್ಯಾಯ ಎಂದು ನನಗನ್ನಿಸುತ್ತದೆ. ಆದರೆ ನಾಳೆ ಮೇಲ್ ಕಳಿಸಬೇಕಾದ ಹುಡುಗಿಗೆ ಆ ಅನ್ಯಾಯ ಸರಿಹೋಗುವವರೆಗೆ ಕಾಯಲಾಗದು. ಆ ಸಾಲು ಗಂಡು ಹುಡುಗರ ಮೇಲ್‌ನಲ್ಲೂ ಚೆನ್ನಾಗಿಯೇ ಕೂರುತ್ತದೆ.

ಇದು ಎಲ್ಲ ಕಡೆ ನಡೆಯುವುದಿಲ್ಲ. ಕ್ಯಾಂಪಸ್‌ನಿಂದ ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವಾಗ ಎಲ್ಲರಿಗೂ ಒಂದೇ ಪ್ಯಾಕೇಜ್, ಅಲ್ಲಿ ಬರೆದು ಫಲವಿಲ್ಲ. ವೇತನ ಶ್ರೇಣಿ ಗೊತ್ತಾಗಿರುವ ಸರ್ಕಾರಿ ಸಂಸ್ಥೆಗಳಲ್ಲೂ ಅಷ್ಟೆ. ಒಮ್ಮೆ ಒಪ್ಪಿ ಸಹಿ ಹಾಕಿದ ಮೇಲೆ ಕೌಂಟರ್ ಕಳಿಸಿದರೆ, ಅವರು ಭಯಪಡುವ ಆ ಅಭ್ಯರ್ಥಿಯೇ ನೀವು ಎಂದು ನೀವೇ ಸಾರಿದಂತೆ. ಕೆಲಸ ಕಳೆದುಕೊಂಡು ಕೂತಿರುವಾಗ ತಳದ ಅಂಕಿಯೇ ಕೆಳಗಿಳಿದಿರುತ್ತದೆ. ಆಗ ಕೇಳಬಹುದು, ಆದರೆ “ಇವೆರಡೂ ಆದಲ್ಲಿ” ಎಂಬ ಷರತ್ತಿನ ದನಿಯನ್ನು ಬಿಟ್ಟು, ಸೇರುವುದು ಖಚಿತ ಎಂದು ಹೇಳಿಯೇ ಕೇಳಬೇಕು.

ಉತ್ತರ ಬಹುಮಟ್ಟಿಗೆ ನಡುವೆ ಎಲ್ಲೋ ಬರುತ್ತದೆ. ಫಿಕ್ಸೆಡ್ 17.2 ಲಕ್ಷ, ಜಾಯ್ನಿಂಗ್ ಬೋನಸ್ 60,000 ಎಂದು ಫೋನು ಬಂತೆನ್ನಿ. ಅವಳ ತಳದ ಅಂಕಿಗಿಂತ ಮೇಲಿದೆ. ಆಫರ್‌ನ ಉಳಿದ ಭಾಗ ಅದೇ ಪ್ರಮಾಣದಲ್ಲಿ ಏರಿದರೆ ತಿಂಗಳ ಗ್ರಾಸ್ ಸುಮಾರು 1,30,000 ಆಗುತ್ತದೆ, ಈಗಿನದಕ್ಕಿಂತ ಶೇ 24ರ ಹತ್ತಿರ ಹೆಚ್ಚು. ಮೊದಲ ಫೋನಿನಲ್ಲಿ ಹೇಳಿದ ಇಪ್ಪತ್ತೈದು ಪರ್ಸೆಂಟ್ ಈಗ ಕೈಗೆ ಬರುವ ಸಂಬಳದಲ್ಲೂ ಕಾಣತೊಡಗಿದೆ. ಇಲ್ಲಿ ಮತ್ತೊಂದು ಸುತ್ತು ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಆದ ದಿನವೇ ಸಹಿ ಹಾಕುತ್ತೇನೆ ಎಂಬ ಮಾತಿಗೆ ಈಗ ಬೆಲೆ ಬರಬೇಕು.

“ಆರು ತಿಂಗಳಾದ ಮೇಲೆ ರಿವ್ಯೂ ಮಾಡಿ ಉಳಿದದ್ದು ಕೊಡುತ್ತೇವೆ” ಎಂದು ಬಾಯಿಮಾತಿನಲ್ಲಿ ಹೇಳಿದ್ದರೆ ಮಾತ್ರ ಸಹಿಗೆ ಮುಂಚೆ ಅದು ಪತ್ರದಲ್ಲಿ ಬರಲಿ ಎಂದು ಕೇಳಬೇಕು. ಹೇಳಿದವರು ಆರು ತಿಂಗಳಲ್ಲಿ ಬೇರೆ ಕಂಪನಿ ಸೇರಿರಬಹುದು. ಜಾಯ್ನಿಂಗ್ ಬೋನಸ್‌ನ ಷರತ್ತನ್ನೂ ಪೂರ್ತಿ ಓದಬೇಕು. ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕು ಎಂಬುದು ಸಾಮಾನ್ಯ. ಹನ್ನೊಂದನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ 60,000 ಎಂದಿದೆಯೇ, ಉಳಿದ ತಿಂಗಳಿಗೆ ತಕ್ಕಷ್ಟೇ ಎಂದಿದೆಯೇ ನೋಡಬೇಕು. ಬೋನಸ್ ಕೈಗೆ ಬರುವಾಗ ಸಂಬಳದಂತೆ ಅದರಲ್ಲೂ ತೆರಿಗೆ ಕಡಿತವಾಗುತ್ತದೆ, ಕೆಲವು ಪತ್ರಗಳು ಮರಳಿ ಕೇಳುವುದು ಮಾತ್ರ ಕಡಿತಕ್ಕೆ ಮುಂಚಿನ ಇಡೀ ಮೊತ್ತವನ್ನು. ಅವಳು ಕಳಿಸಬೇಕಾದ ಕೊನೆಯ ಮೇಲ್ ಇದರ ಬಗ್ಗೆಯೇ, ಎರಡೇ ಸಾಲು: “ಪರಿಷ್ಕೃತ ಆಫರ್ ನನಗೆ ಒಪ್ಪಿಗೆ. ಜಾಯ್ನಿಂಗ್ ಬೋನಸ್‌ನ ಮರುಪಾವತಿ ಉಳಿದ ತಿಂಗಳುಗಳಿಗೆ ತಕ್ಕಂತೆ, ತೆರಿಗೆ ಕಳೆದು ನನಗೆ ತಲುಪಿದ ಮೊತ್ತದ ಮೇಲೆ ಎಂದು ಪತ್ರದಲ್ಲಿ ಸೇರಿಸಿದರೆ ಇವತ್ತೇ ಸಹಿ ಮಾಡುತ್ತೇನೆ.” ಆ ಪತ್ರ ಬಂದು ಸಹಿಯಾಗುವವರೆಗೆ ಈಗಿನ ಕಂಪನಿಗೆ ರಾಜೀನಾಮೆ ಹೋಗಬಾರದು.